ಸದ್ದಿಲ್ಲದೆ ಬಂದದ್ದು ಹೇಗೆ?

ನನ್ನ ಉಮ್ಮನ ಕಿವಿ ಬಹಳ ಚುರುಕು. ಬಾಪ ಬದುಕಿದ್ದ ಕಾಲದಲ್ಲಿ ಸಂಜೆಯ ಹೊತ್ತು ಅಡುಗೆ ಮನೆಯಲ್ಲಿ ಏನೇ ಕೆಲಸವಿದ್ದರೂ ಅವರ ಒಂದು ಕಿವಿ ರಸ್ತೆಯ ತಿರುವಿನಲ್ಲೇ ಇರುತ್ತಿತ್ತು. ತಿರುವಿನ ಏರಿನಲ್ಲಿ ಬಾಪನ ಹಳೆಯ ಚೇತಕ್ ಸ್ಕೂಟರ್ ಗೇರು ಬದಲಿಸಿ ಗುರುಗುಟ್ಟಿದ್ದೇ ತಡ, ಉಮ್ಮ ಚಹಾದ ಪಾತ್ರೆಯನ್ನು ಒಲೆಗೇರಿಸುತ್ತಿದ್ದರು. ಬಾಪ ಸ್ಕೂಟರ್ ನಿಲ್ಲಿಸಿ, ಕೈಕಾಲು ತೊಳೆದು ಒಳಗೆ ಬರುವಾಗ ಚಹಾ ಸಿದ್ಧ. ಆ ಬೀದಿಯಲ್ಲಿ ಅಂಥದ್ದೇ ಸ್ಕೂಟರ್ ಇನ್ನೂ ಮೂರು ಇದ್ದವು. ಆದರೆ ಉಮ್ಮ ಒಂದು ದಿನವೂ ಮೋಸ ಹೋದದ್ದಿಲ್ಲ.

ಬಾಪ ತೀರಿಕೊಂಡು ವರ್ಷಗಳೇ ಕಳೆದವು. ಆ ಸ್ಕೂಟರನ್ನು ಗುಜರಿಯವನಿಗೆ ಕೊಟ್ಟೂ ಆಯಿತು. ಉಮ್ಮನ ಆ ಕಿವಿ ಕಳೆದ ವರ್ಷ ನನ್ನ ಕೆಲಸವೊಂದನ್ನು ಉಳಿಸಿತು ಎಂದರೆ ನೀವು ನಂಬಬೇಕು.

ನಾನು ಜಾಹೀರಾತಿಗೆ ಮಾತು ಬರೆಯುವವಳು. ಮದುವೆಗೆ ಮುಂಚೆ ಮಂಗಳೂರಿನಲ್ಲಿ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ರೇಡಿಯೋ ಜಾಹೀರಾತು ಬರೆಯುತ್ತಿದ್ದೆ. ಮಕ್ಕಳಾದ ಮೇಲೆ ಮನೆಯಲ್ಲೇ ಕುಳಿತು ಬೆಂಗಳೂರಿನ ಒಂದು ಸಣ್ಣ ಏಜೆನ್ಸಿಗೆ ಬರೆದುಕೊಡುತ್ತೇನೆ. ಹಾಗಿರುವಾಗ ಒಂದು ದಿನ ಅವರಿಂದ ಫೋನ್ ಬಂತು. ಒಂದು ಕಂಪೆನಿ ವಿದ್ಯುತ್ ಸ್ಕೂಟರನ್ನು ನಮ್ಮ ರಾಜ್ಯದ ಸಣ್ಣ ಊರುಗಳಿಗೆ ತರುತ್ತಿದೆ. ಬಿಡುಗಡೆಗೆ ಮುಂಚೆ ಮೂರು ಟೀಸರ್ ಬೇಕು, ಇಪ್ಪತ್ತು ಸೆಕೆಂಡಿನವು. ಅದು ಏನು ಎಂದು ಹೇಳಬಾರದು. ಆದರೆ ಜನ “ಅದೇನಿರಬಹುದು” ಎಂದು ಮಾತಾಡಿಕೊಳ್ಳಬೇಕು. ಕೊನೆಗೆ ನಲವತ್ತು ಸೆಕೆಂಡಿನ ಒಂದು ಚಿತ್ರದಲ್ಲಿ ಸ್ಕೂಟರನ್ನು ತೋರಿಸಬೇಕು. ಹಿಂದಿಯಿಂದ ತರ್ಜುಮೆ ಬೇಡ, ಕನ್ನಡದಲ್ಲೇ ಹುಟ್ಟಿದ್ದು ಬೇಕು ಎಂದರು. ಸಂಭಾವನೆ ಎರಡು ಕಂತಿನಲ್ಲಿ. ಮಗಳ ಪಿಯುಸಿ ಫೀಸು ಕಟ್ಟುವ ತಿಂಗಳು ಬೇರೆ. ನಾನು ಕೂಡಲೇ ಒಪ್ಪಿಕೊಂಡೆ.

ಮೊದಲ ಕರಡು ಎರಡೇ ದಿನದಲ್ಲಿ ಮುಗಿಯಿತು. ಕತ್ತಲೆ, ಮಂಜು, ದೂರದಲ್ಲಿ ನೀಲಿ ಮಿಂಚು. ಒದ್ದೆ ರಸ್ತೆಯ ಮೇಲೆ ಯಾವುದೋ ಬೆಳಕು ಓಡುತ್ತದೆ. ಗಡಸು ಗಂಡು ಧ್ವನಿಯೊಂದು “ಎಲ್ಲವೂ ಬದಲಾಗಲಿದೆ... ಕಾಯಿರಿ” ಎನ್ನುತ್ತದೆ. ಬರೆದು ಮುಗಿಸಿ ಉಮ್ಮನಿಗೆ ಓದಿ ಹೇಳಿದೆ.

“ಎಂತ ಮಗಳೇ ಇದು? ದೆವ್ವದ ಸಿನಿಮಾವಾ?” ಎಂದು ಕೇಳಿದರು.

ನನಗೆ ಸಿಟ್ಟೇ ಬಂತು. ಆದರೆ ರಾತ್ರಿ ಮಲಗಿದಾಗ ಯೋಚಿಸಿ ನೋಡಿದೆ. ಆ ಮಂಜು, ಆ ಮಿಂಚು, ಆ ಧ್ವನಿಯನ್ನು ತೆಗೆದು ಒಂದು ಬಣ್ಣದ ಡಬ್ಬಿಗೋ ಸಿಮೆಂಟಿಗೋ ಮೊಬೈಲಿಗೋ ಹಾಕಿದರೆ ಏನಾದರೂ ವ್ಯತ್ಯಾಸವಾಗುತ್ತದೆಯೇ? ಇಲ್ಲ. ಅಂದರೆ ನಾನು ಬರೆದದ್ದರಲ್ಲಿ ಸ್ಕೂಟರಿಗೆ ಸೇರಿದ್ದು ಒಂದೂ ಇರಲಿಲ್ಲ. ಪರದೆ ಮಾತ್ರ ಇತ್ತು, ಪರದೆಯ ಹಿಂದೆ ಏನೂ ಇರಲಿಲ್ಲ.

ಇಂಥ ಖಾಲಿ ಪರದೆ ಏನು ಮಾಡುತ್ತದೆ ಎಂಬುದಕ್ಕೆ ವಿದ್ಯುತ್ ವಾಹನದ್ದೇ ಒಂದು ಕಥೆಯಿದೆ. 2001ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ಸುದ್ದಿ ಸೋರಿಕೆಯಾಯಿತು. ಡೀನ್ ಕೇಮನ್ ಎಂಬ ಸಂಶೋಧಕರು ಗುಟ್ಟಾಗಿ ಏನನ್ನೋ ತಯಾರಿಸುತ್ತಿದ್ದಾರೆ, ಅದರ ಗುಪ್ತನಾಮ ‘ಜಿಂಜರ್’, ಅದನ್ನು ನೋಡಿದ ದೊಡ್ಡ ದೊಡ್ಡ ಉದ್ಯಮಿಗಳು ಬೆರಗಾಗಿದ್ದಾರೆ ಎಂಬುದಷ್ಟೇ ಸುದ್ದಿ. ವಸ್ತು ಏನೆಂದು ಯಾರಿಗೂ ಗೊತ್ತಿಲ್ಲ. ಜನರು ತಮಗೆ ಬೇಕಾದದ್ದನ್ನು ಕಲ್ಪಿಸಿಕೊಂಡರು. ನೆಲದಿಂದ ಮೇಲೆ ತೇಲುವ ವಾಹನ ಎಂದವರೂ ಇದ್ದರು. ಹನ್ನೊಂದು ತಿಂಗಳ ನಂತರ, 2001ರ ಡಿಸೆಂಬರ್ 3ರಂದು ಟಿ.ವಿ.ಯಲ್ಲಿ ಬಟ್ಟೆ ಸರಿಸಿದಾಗ ಕಂಡದ್ದು ಸೆಗ್ವೇ. ಎರಡು ಚಕ್ರಗಳ ನಡುವೆ ನಿಂತುಕೊಂಡು ಸಾಗುವ ವಿದ್ಯುತ್ ವಾಹನ. ಅದು ನಿಜಕ್ಕೂ ಜಾಣ ಯಂತ್ರವೇ ಆಗಿತ್ತು. ಆದರೆ ಅಷ್ಟು ದಿನ ಕಾದಿದ್ದ ಜನರ ಬಾಯಿಂದ ಬಂದ ಮಾತು “ಇಷ್ಟೇನಾ?” ಬೆಲೆ ಸುಮಾರು 5,000 ಡಾಲರ್. ಕಾಲುದಾರಿಯಲ್ಲಿ ಓಡಿಸಲು ಎಷ್ಟೋ ಕಡೆ ತಕರಾರು. ನಿರೀಕ್ಷಿಸಿದಷ್ಟು ಅದು ಎಂದೂ ಮಾರಾಟವಾಗಲಿಲ್ಲ. 2020ರಲ್ಲಿ ತಯಾರಿಕೆಯೇ ನಿಂತಿತು. ಸೋಲಿಗೆ ಬೆಲೆಯೂ ಕಾರಣ, ನಿಯಮಗಳೂ ಕಾರಣ. ಆದರೆ ಯಂತ್ರ ಹುಟ್ಟುವ ಮೊದಲೇ ಅದರ ಗುಟ್ಟು ಯಂತ್ರಕ್ಕಿಂತ ದೊಡ್ಡದಾಗಿ ಬೆಳೆದದ್ದಂತೂ ನಿಜ.

ನನ್ನ ನೀಲಿ ಮಿಂಚೂ ಅದೇ ಜಾತಿಯದ್ದು. ಹರಿದು ಹಾಕಿದೆ.

ಏಜೆನ್ಸಿಗೆ ಫೋನ್ ಮಾಡಿ, “ಸ್ಕೂಟರನ್ನು ಓಡಿಸಿ ನೋಡದೆ ಬರೆಯಲಾಗುವುದಿಲ್ಲ” ಎಂದೆ. ನಾಲ್ಕು ದಿನದ ನಂತರ ಕಂಪೆನಿಯ ಒಂದು ಪರೀಕ್ಷಾ ಸ್ಕೂಟರ್ ನಮ್ಮ ಅಂಗಳಕ್ಕೆ ಬಂತು. ಎರಡು ದಿನ ಇಟ್ಟುಕೊಳ್ಳಲು ಅನುಮತಿ.

ಮೊದಲ ದಿನ ಸಂಜೆ ಇವರು ಅದರಲ್ಲೇ ಕೆಲಸದಿಂದ ಮರಳಿದರು. ನಾನು ಮತ್ತು ಉಮ್ಮ ಅಡುಗೆ ಮನೆಯಲ್ಲಿದ್ದೆವು. ಇವರು ಬಂದು ಬಾಗಿಲ ಬಳಿ ನಿಂತು ಸಲಾಂ ಹೇಳಿದಾಗ ಉಮ್ಮ ಬೆಚ್ಚಿಬಿದ್ದರು. “ಯಾವಾಗ ಬಂದದ್ದು ನೀವು? ಸದ್ದೇ ಕೇಳಲಿಲ್ಲವಲ್ಲ!” ಎಂದರು. ಆಮೇಲೆ ಮೆಲ್ಲಗೆ, “ನಿನ್ನ ಬಾಪ ಇದರಲ್ಲಿ ಬರುತ್ತಿದ್ದರೆ ಅವರಿಗೆ ಒಂದು ದಿನವೂ ಬಂದ ಕೂಡಲೇ ಚಹಾ ಸಿಗುತ್ತಿರಲಿಲ್ಲ” ಎಂದು ನಕ್ಕರು.

ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿತು. ಮನೆ ಮಂದಿ ಒಬ್ಬರ ಬರವನ್ನು ಸದ್ದಿನಿಂದಲೇ ಗುರುತಿಸುವುದು ಪೆಟ್ರೋಲ್ ಗಾಡಿಯ ಕಾಲದ ಅಭ್ಯಾಸ. ಆ ಸದ್ದು ಒಂದು ದಿನ ಬರಲಿಲ್ಲವೆಂದರೆ ಅದೊಂದು ಒಗಟು. ಆ ಒಗಟಿಗೆ ಉತ್ತರ ಈ ಸ್ಕೂಟರ್ ಮಾತ್ರ. ಬಣ್ಣದ ಡಬ್ಬಿಯಲ್ಲ, ಮೊಬೈಲ್ ಅಲ್ಲ. ಮಂಜೂ ಬೇಡ, ಮಿಂಚೂ ಬೇಡ.

ಹೊಸ ಕರಡು ಬರೆದೆ. ಒಬ್ಬ ಹೆಂಗಸು ಅಡುಗೆ ಮನೆಯಲ್ಲಿ ಚಹಾದ ಪಾತ್ರೆ ಹಿಡಿದು ರಸ್ತೆಯ ಕಡೆ ಕಿವಿಗೊಟ್ಟು ನಿಂತಿದ್ದಾಳೆ. ಗಡಿಯಾರ ಓಡುತ್ತಿದೆ. ಪೂರ್ತಿ ನಿಶ್ಶಬ್ದ. ಅವಳ ಮುಖದಲ್ಲಿ ಕಾತರ. ಕತ್ತಲೆ. “ಆ ಸದ್ದು ಇಂದು ಯಾಕೆ ಬರಲಿಲ್ಲ?” ಎಂಬ ಅಕ್ಷರ. ಮುಗಿಯಿತು. ನನಗಂತೂ ತುಂಬಾ ಹಿಡಿಸಿತು.

ಟೀಸರನ್ನು ಕಂಪೆನಿಗೆ ಕಳಿಸುವ ಮೊದಲು ಅದರ ಗುಟ್ಟು ಗೊತ್ತಿಲ್ಲದ ಐದಾರು ಮಂದಿಗೆ ತೋರಿಸಬೇಕು. ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಬರೆದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಸುಳಿವು ಎಲ್ಲಿ ದಾರಿ ತಪ್ಪಿದೆ ಎಂದು ಅವರ ಕಣ್ಣಿಗೆ ಕಾಣುವುದೇ ಇಲ್ಲ. ಕೇಳಬೇಕಾದದ್ದು ಮೂರೇ ಪ್ರಶ್ನೆ. ಇದು ಯಾವುದರ ಜಾಹೀರಾತು ಎಂದು ನಿಮಗೆ ಅನಿಸುತ್ತದೆ? ಮುಂದಿನದ್ದನ್ನು ನೋಡಬೇಕು ಅನಿಸುತ್ತದೆಯೇ? ಕೊನೆಗೆ ಉತ್ತರ ಹೇಳಿಬಿಟ್ಟು, ಅವರ ಬಾಯಿಂದ “ಓ, ಹೌದಲ್ವಾ!” ಬರುತ್ತದೆಯೋ “ಅಷ್ಟೇಯಾ?” ಬರುತ್ತದೆಯೋ ನೋಡಬೇಕು.

ನೆರೆಮನೆಯ ಹೆಂಗಸರು ಐವರನ್ನು ಕರೆದು, ದೃಶ್ಯಗಳನ್ನು ಒಂದೊಂದಾಗಿ ಓದಿ ಹೇಳಿದೆ. ಇಬ್ಬರು ಒಟ್ಟಿಗೇ, “ಕಿವಿ ಕೇಳದವರು ಹಾಕುವ ಮೆಷಿನ್ ಅಲ್ವಾ?” ಎಂದರು! ಹೌದಲ್ಲ, ಒಬ್ಬ ಹೆಂಗಸು ಕಿವಿಗೊಡುತ್ತಾಳೆ, ಏನೂ ಕೇಳಿಸುವುದಿಲ್ಲ. ಬೇರೇನು ಅರ್ಥ ಬರುತ್ತದೆ? ನಾನು ನಗು ತಡೆದುಕೊಂಡು ಮೂರನೆಯವರ ಕಡೆ ತಿರುಗಿದೆ. ಅವರು ವಯಸ್ಸಾದವರು. ಅವರ ಕಣ್ಣು ತೇವವಾಗಿತ್ತು. “ನನಗೆ ಮುಂದಿನದ್ದು ನೋಡಬೇಕೆಂದಿಲ್ಲ ಮಗಳೇ. ಅವಳ ಗಂಡನಿಗೆ ದಾರಿಯಲ್ಲಿ ಏನೋ ಆಗಿದೆ ಅನ್ನಿಸಿ ಎದೆ ಡವಡವ ಅಂದಿತು” ಎಂದರು.

ನನ್ನ ನಗು ಅಲ್ಲಿಗೇ ನಿಂತಿತು. ಸ್ಕೂಟರ್ ಮಾರಲು ಹೊರಟವಳು ನಾನು. ಅಪಘಾತದ ಭಯವನ್ನು ಕೈಯಾರೆ ಬಿತ್ತಿದ್ದೆ. ರಾತ್ರಿ ಹೊತ್ತು ಗಂಡ, ಮಕ್ಕಳು ಮನೆ ಸೇರುವುದನ್ನು ಕಾದು ಕುಳಿತ ಹೆಂಗಸರು ನೋಡುವ ಜಾಹೀರಾತು ಅದು. ಆ ಭಯ ಹನ್ನೆರಡು ದಿನದ ನಂತರದ ಚಿತ್ರದಲ್ಲಿ ಮುಗಿಯುತ್ತದೆ ಎಂದರೆ ಏನು ಪ್ರಯೋಜನ? ಎಷ್ಟೋ ಮಂದಿ ಆ ಕೊನೆಯ ಚಿತ್ರವನ್ನು ನೋಡುವುದೇ ಇಲ್ಲ.

ಎರಡೂ ತಪ್ಪನ್ನು ತಿದ್ದುವ ದಾರಿ ಅವರ ಮಾತಿನಲ್ಲೇ ಇತ್ತು. ಮೊದಲನೆಯದು, ಆ ಹೆಂಗಸಿನ ಕಿವಿ ಚುರುಕು ಎಂದು ನೋಡುವವರಿಗೆ ಮೊದಲೇ ಗೊತ್ತಾಗಬೇಕು. ಉಳಿದೆಲ್ಲ ಸದ್ದೂ ಅವಳಿಗೆ ಕೇಳಬೇಕು, ಬರಬೇಕಾದ ಆ ಒಂದು ಸದ್ದು ಮಾತ್ರ ಬರಬಾರದು. ಎರಡನೆಯದು, ಗಂಡ ಅದೇ ಇಪ್ಪತ್ತು ಸೆಕೆಂಡಿನೊಳಗೆ ಮನೆ ಸೇರಿಬಿಡಬೇಕು. ‘ಅವರು ಬಂದರೋ ಇಲ್ಲವೋ’ ಎಂಬುದು ಗುಟ್ಟಾಗಬಾರದು. ‘ಅವರು ಬಂದದ್ದು ಹೇಗೆ’ ಎಂಬುದು ಗುಟ್ಟಾಗಬೇಕು. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಕೆಣಕುತ್ತದೆ.

ಕೊನೆಗೆ ಕಂಪೆನಿಗೆ ಹೋದ ಮೊದಲ ಟೀಸರ್ ಇದು:

ದೃಶ್ಯ 1 (4 ಸೆಕೆಂಡ್): ಸಂಜೆ, ಅಡುಗೆ ಮನೆ. ಕುಕ್ಕರ್ ಸೀಟಿ ಹಾಕುತ್ತದೆ. ಹೆಂಗಸು ಬೆನ್ನು ತಿರುಗಿಸಿಕೊಂಡಿದ್ದರೂ ಕೈಚಾಚಿ ಒಲೆ ಸಣ್ಣದು ಮಾಡುತ್ತಾಳೆ.

ದೃಶ್ಯ 2 (4 ಸೆಕೆಂಡ್): ಹೊರಗೆ ರಿಕ್ಷಾದ ಸದ್ದು. ತಲೆ ಎತ್ತದೆಯೇ ಮಗಳಿಗೆ ಹೇಳುತ್ತಾಳೆ: “ಪಕ್ಕದ ಮನೆಯವರು.”

ದೃಶ್ಯ 3 (4 ಸೆಕೆಂಡ್): ಬೈಕಿನ ಸದ್ದು. “ಇದು ಮೇಲಿನ ಮನೆಯ ಹುಡುಗ.”

ದೃಶ್ಯ 4 (5 ಸೆಕೆಂಡ್): ಗಡಿಯಾರದ ಟಿಕ್ ಟಿಕ್. ಆಕೆ ಚಹಾದ ಪಾತ್ರೆ ಕೈಗೆತ್ತಿಕೊಂಡು ರಸ್ತೆಯ ಕಡೆ ಕಿವಿಗೊಡುತ್ತಾಳೆ. ಹಿಂದಿನಿಂದ ಗಂಡನ ಧ್ವನಿ: “ಚಹಾ ಆಗಲಿಲ್ಲವಾ?”

ದೃಶ್ಯ 5 (3 ಸೆಕೆಂಡ್): ಬೆಚ್ಚಿ ತಿರುಗುತ್ತಾಳೆ. “ನೀವು ಯಾವಾಗ ಬಂದದ್ದು?” ಪರದೆ ಕಪ್ಪಾಗುತ್ತದೆ. ಅಕ್ಷರ: ‘ಸದ್ದಿಲ್ಲದೆ ಬಂದದ್ದು ಹೇಗೆ?’ ಕೆಳಗೆ ಮುಂದಿನ ದಿನಾಂಕ.

ಎಣಿಸಿ ನೋಡಿದರೆ ಇದರಲ್ಲಿ ಮಾತನಾಡುವ ಪದಗಳು ಹನ್ನೊಂದೇ. ರೇಡಿಯೋಗೆ ಬರೆಯುವಾಗ ಮೂವತ್ತು ಸೆಕೆಂಡಿಗೆ ಐವತ್ತು ಐವತ್ತೈದು ಪದ ತುಂಬಿಸಿ ಅಭ್ಯಾಸ ನನಗೆ. ಕನ್ನಡದ ಪದಗಳು ಉದ್ದ. ಅದಕ್ಕಿಂತ ಹೆಚ್ಚು ತುರುಕಿದರೆ ಓದುವವರು ಓಡಬೇಕಾಗುತ್ತದೆ. ಆದರೆ ಇಲ್ಲಿ ಕೆಲಸ ಮಾಡಬೇಕಾದದ್ದು ನಾಲ್ಕನೆಯ ದೃಶ್ಯದ ಮೌನ. ಮೊದಲ ಮೂರು ದೃಶ್ಯಗಳಲ್ಲಿ ಸದ್ದು ತುಂಬಿರುವುದರಿಂದಲೇ ಆ ಮೌನ ಕಿವಿಗೆ ತಾಗುತ್ತದೆ. ಅದೇ ಐವರನ್ನು ಕರೆದರೆ ಪ್ರಯೋಜನವಿಲ್ಲ, ಅವರಿಗೆ ಗುಟ್ಟು ತಿಳಿದುಹೋಗಿತ್ತು. ಬೇರೆ ಐವರಿಗೆ ಓದಿದೆ. ಒಬ್ಬರು ಬಾಗಿಲ ಬೀಗ ಎಂದರು, ಒಬ್ಬರು ಹೊಸ ಕಾರು ಎಂದರು, ಮೂವರಿಗೆ ಗೊತ್ತಾಗಲಿಲ್ಲ. ಕರೆಂಟಿನ ಸ್ಕೂಟರ್ ಎಂದು ಹೇಳಿದಾಗ ಐವರೂ ನಕ್ಕರು. “ಹೌದಲ್ವಾ, ಅದಕ್ಕೆ ಸದ್ದೇ ಇಲ್ಲ!”

ಉಳಿದೆರಡು ಟೀಸರಿಗೂ ಅದೇ ಸೂತ್ರ. ಎರಡನೆಯದರಲ್ಲಿ ಪೆಟ್ರೋಲ್ ಬಂಕಿನ ಹುಡುಗನೊಬ್ಬ ದಿನಾ ಬರುತ್ತಿದ್ದ ಗಿರಾಕಿ ನಿಲ್ಲಿಸದೆ ಹೋಗುವುದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾನೆ. ನಮಗೆ ಕಾಣುವುದು ಹುಡುಗನ ಮುಖ ಮಾತ್ರ. ಮೂರನೆಯದರಲ್ಲಿ ಮಗಳು ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಲು ಹೋದರೆ ಪ್ಲಗ್ ಪಾಯಿಂಟ್ ಖಾಲಿಯಿಲ್ಲ. ಅಲ್ಲಿಂದ ಒಂದು ದಪ್ಪ ವಯರು ಕಿಟಕಿ ದಾಟಿ ಕತ್ತಲೆಯ ಅಂಗಳಕ್ಕೆ ಹೋಗಿದೆ. ಹೀಗೆ ಮೊದಲನೆಯದರಲ್ಲಿ ಸದ್ದು, ಎರಡನೆಯದರಲ್ಲಿ ಪೆಟ್ರೋಲ್, ಮೂರನೆಯದರಲ್ಲಿ ವಯರು. ಒಂದೊಂದಾಗಿ ಸುಳಿವು ಬಿಟ್ಟುಕೊಡುತ್ತಾ ಹೋಗಿ, ಮೂರನೆಯದಕ್ಕೆ ಜಾಣರು ಊಹಿಸಿಬಿಡಬೇಕು. ಊಹಿಸಿದವರೇ ಊರಿಗೆಲ್ಲ ಹೇಳುವುದು.

ಮೂರನೆಯದನ್ನು ಓದಿದ ಕಂಪೆನಿಯ ಇಂಜಿನಿಯರ್ ಹುಡುಗ ಮಾತ್ರ ಒಂದು ತಪ್ಪು ಹಿಡಿದ. “ಮೇಡಂ, ಕಿಟಕಿಯಿಂದ ವಯರು ಎಳೆದು ತೋರಿಸಬೇಡಿ. ಎಕ್ಸ್‌ಟೆನ್ಷನ್ ವಯರಿನಲ್ಲಿ ಚಾರ್ಜ್ ಮಾಡಬಾರದು ಎಂದು ನಾವೇ ಕೈಪಿಡಿಯಲ್ಲಿ ಬರೆದಿದ್ದೇವೆ. ಗಂಟೆಗಟ್ಟಲೆ ಕರೆಂಟ್ ಹರಿದು ವಯರು ಬಿಸಿಯಾಗುತ್ತದೆ. ಜನ ಚಿತ್ರದಲ್ಲಿ ನೋಡಿದ್ದನ್ನೇ ಮಾಡುತ್ತಾರೆ” ಎಂದ. ಅವನ ಮಾತು ಸರಿ. ಕಿಟಕಿಯನ್ನು ತೆಗೆದು, ಜಗಲಿಯ ಗೋಡೆಯಲ್ಲಿ ಅರ್ತಿಂಗ್ ಇರುವ ಪ್ರತ್ಯೇಕ ಪಾಯಿಂಟನ್ನು ಬರೆದೆ. ಗುಟ್ಟಿಗೇನೂ ಕಡಿಮೆಯಾಗಲಿಲ್ಲ.

ಇಷ್ಟರವರೆಗೆ ಎಲ್ಲವೂ ಸಲೀಸು. ತಕರಾರು ಹುಟ್ಟಿದ್ದು ಒಂದು ಅಂಕೆಯಿಂದ.

ಕಂಪೆನಿಯ ಮ್ಯಾನೇಜರ್ ಫೋನ್ ಮಾಡಿದರು. “ಮೇಡಂ, ಮೂರನೇ ಟೀಸರಿನ ಕೊನೆಗೆ ಒಂದು ಸಾಲು ಸೇರಿಸಿ. ‘ಒಂದೇ ಚಾರ್ಜ್, 118 ಕಿಲೋಮೀಟರ್. ಏನಿದು?’ ಅಂತ. ಜನ ಬೆಚ್ಚಿಬೀಳಬೇಕು.”

“ಷರತ್ತು ಏನಾದರೂ ಉಂಟಾ ಸರ್?” ಎಂದು ಕೇಳಿದೆ.

“ಅದು ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ನಾವು ನೋಡಿಕೊಳ್ಳುತ್ತೇವೆ.”

118 ಸುಳ್ಳು ಅಂಕೆಯಲ್ಲ. ಆ ಸ್ಕೂಟರಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 3 ಯೂನಿಟ್ ವಿದ್ಯುತ್. ಸರಕಾರ ಮಾನ್ಯ ಮಾಡಿದ ಪರೀಕ್ಷಾಲಯದಲ್ಲಿ ಗಾಡಿಯನ್ನು ಉರುಳೆಗಳ ಮೇಲಿಟ್ಟು, ನಿಗದಿಯಾದ ಭಾರ ಮತ್ತು ನಿಗದಿಯಾದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಬೇರೆ ಬೇರೆ ಗಾಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಅದು ಬೇಕೇ ಬೇಕು. ಆದರೆ ಅಲ್ಲಿ ಕದ್ರಿಯ ಏರಿಲ್ಲ, ಹಿಂದಿನ ಸೀಟಿನಲ್ಲಿ ಹೆಂಡತಿಯಿಲ್ಲ, ಕಾಲಬಳಿ ಅಕ್ಕಿಯ ಚೀಲವಿಲ್ಲ. ಎದುರು ಗಾಳಿ, ಮಳೆ ಇಲ್ಲ.

ಸ್ಕೂಟರ್ ನಮ್ಮ ಅಂಗಳದಲ್ಲಿದ್ದ ಎರಡು ದಿನವೂ ನಾನು ಒಂದು ಚೀಟಿಯಲ್ಲಿ ಲೆಕ್ಕ ಬರೆದಿಟ್ಟಿದ್ದೆ. ಇವರು ಒಬ್ಬರೇ ಸಮತಟ್ಟು ಹೆದ್ದಾರಿಯಲ್ಲಿ ನಿಧಾನಕ್ಕೆ ಹೋದಾಗ 36 ಕಿ.ಮೀ.ಗೆ ಬ್ಯಾಟರಿ ನೂರರಲ್ಲಿ ನಲವತ್ತರಷ್ಟು ಇಳಿಯಿತು. ಅಂದರೆ ಪೂರ್ತಿ ಚಾರ್ಜಿಗೆ 90 ಕಿ.ಮೀ. ಮರುದಿನ ನಾವಿಬ್ಬರೂ ಕುಳಿತು ಊರೊಳಗಿನ ಏರುತಗ್ಗಿನಲ್ಲಿ ಸುತ್ತಿದೆವು. ಅದೇ ನಲವತ್ತರಷ್ಟು ಇಳಿಯಲು 31 ಕಿ.ಮೀ. ಸಾಕಾಯಿತು. ಪೂರ್ತಿ ಚಾರ್ಜಿಗೆ ಹೆಚ್ಚುಕಡಿಮೆ 77. ಅದರಲ್ಲೂ ಬ್ಯಾಟರಿ ತೀರಾ ಕೆಳಗಿಳಿದಾಗ ಗಾಡಿ ತಾನಾಗಿ ವೇಗ ಕಡಿಮೆ ಮಾಡುತ್ತದೆ. ಆದ್ದರಿಂದ ಮನೆ ಮಂದಿ ಇಬ್ಬರು ಹೊರಡುವಾಗ 60ರ ಲೆಕ್ಕ ಇಟ್ಟುಕೊಂಡರೆ ಕ್ಷೇಮ.

118 ಎಲ್ಲಿ, 60 ಎಲ್ಲಿ? ಈ ಅಂತರದ ಬೆಲೆ ನನಗೆ ಗೊತ್ತಿತ್ತು. ನನ್ನ ತಮ್ಮ 2022ರಲ್ಲಿ ಬೇರೊಂದು ಕಂಪೆನಿಯ ವಿದ್ಯುತ್ ಸ್ಕೂಟರ್ ಕೊಂಡಿದ್ದ. ಜಾಹೀರಾತಿನಲ್ಲಿ ‘100 ಕಿ.ಮೀ.’ ಎಂದಿತ್ತು. ಹೆಂಡತಿಯ ತವರಿಗೆ ಹೋಗಿ ಬರಲು 70. ಇನ್ನೂ 30 ಉಳಿಯುತ್ತದಲ್ಲ ಎಂದು ಹೆಂಡತಿ, ಎಂಟು ತಿಂಗಳ ಮಗುವಿನೊಂದಿಗೆ ಹೊರಟ. ಮರಳಿ ಬರುವಾಗ ಮಳೆ. ರಾತ್ರಿ ಒಂಬತ್ತೂವರೆಗೆ ಫರಂಗಿಪೇಟೆಯ ಹತ್ತಿರ, 58ನೇ ಕಿಲೋಮೀಟರಿನಲ್ಲಿ, ಗಾಡಿ ನಿಂತಿತು. ಪೆಟ್ರೋಲ್ ಆದರೆ ಯಾರಾದರೂ ಬಾಟಲಿಯಲ್ಲಿ ತಂದು ಕೊಟ್ಟಾರು. ಕರೆಂಟನ್ನು ಬಾಟಲಿಯಲ್ಲಿ ತರಲು ಆಗುತ್ತದೆಯೇ? ಹೆದ್ದಾರಿಯ ಬದಿಯಲ್ಲಿ, ಲಾರಿಗಳು ಕೆಸರು ಹಾರಿಸುತ್ತಿರುವಾಗ, ಅವನು ಗಾಡಿ ತಳ್ಳುತ್ತಾ, ಅವಳು ಮಗುವನ್ನು ಬುರ್ಖಾದೊಳಗೆ ಅವಚಿಕೊಂಡು ನಡೆದರು. ಕೊನೆಗೆ ಒಬ್ಬ ಟೆಂಪೋದವರು ಕರುಣೆ ತೋರಿ ಹತ್ತಿಸಿಕೊಂಡರು. ಮಗುವಿಗೆ ಜ್ವರ ಹಿಡಿದು ಮೂರು ದಿನ ಬಿಡಲಿಲ್ಲ. ಅವನು ದೂರು ಕೊಡಲು ಹೋದಾಗ ಸಿಕ್ಕಿದ ಉತ್ತರ, “ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೇವಲ್ಲ” ಎಂದು.

ಆ ಸಣ್ಣ ಅಕ್ಷರದ ಸಾಲಿನ ಮೇಲಿನ ದೊಡ್ಡ ಸಾಲನ್ನು ನನ್ನಂಥವಳೇ ಯಾರೋ ಬರೆದಿರಬೇಕು. ಈಗ ಅದೇ ಸಾಲನ್ನು ನಾನು ಬರೆಯಬೇಕಿತ್ತು.

“ಸರ್, ಈ ಸಾಲನ್ನು ನಾನು ಬರೆಯುವುದಿಲ್ಲ” ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. “ಹಾಗಾದರೆ ಬೇರೆಯವರಿಂದ ಬರೆಸುತ್ತೇವೆ. ಎರಡನೇ ಕಂತಿನ ವಿಷಯ ಆಮೇಲೆ ನೋಡೋಣ” ಎಂದರು. ಇಡೀ ರಾತ್ರಿ ನಿದ್ದೆ ಬರಲಿಲ್ಲ. ಕಂತು ಹದಿನೆಂಟು ಸಾವಿರದ್ದು. ಫೀಸಿನ ಕೊನೆಯ ದಿನಕ್ಕೆ ಇನ್ನು ಒಂಬತ್ತೇ ದಿನ ಉಳಿದಿತ್ತು.

ಬೆಳಿಗ್ಗೆ ಎದ್ದು, ಜಗಳಕ್ಕಿಂತ ಕಾಗದ ಮೇಲು ಎಂದುಕೊಂಡು ಒಂದು ಪತ್ರ ಬರೆದೆ. ಅದರಲ್ಲಿ ಎರಡೇ ವಿಷಯ. ಮೊದಲನೆಯದು ನಿಯಮದ ಮಾತು. ಗ್ರಾಹಕರ ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೊಡ್ಡ ಅಕ್ಷರದಲ್ಲಿ ಏನು ಹೇಳುತ್ತೀರೋ ಅದರ ಷರತ್ತು ಕೂಡಾ ಅದೇ ಭಾಷೆಯಲ್ಲಿ ಇರಬೇಕು. ಮುಖ್ಯ ವಿಷಯವನ್ನು ಷರತ್ತಿನ ಮೂಲಕ ಮುಚ್ಚಿಡಬಾರದು. ದಾರಿ ತಪ್ಪಿಸುವ ಮಾತನ್ನು ಕೆಳಗಿನ ಷರತ್ತಿನಿಂದ ತಿದ್ದಿದೆವು ಎನ್ನುವಂತೆಯೂ ಇಲ್ಲ. ಕನ್ನಡದ 118ರ ಕೆಳಗೆ ಇಂಗ್ಲಿಷಿನ ಸಣ್ಣ ಸಾಲು ಇಡುವುದು ನೇರವಾಗಿ ಇದಕ್ಕೆ ವಿರುದ್ಧ.

ಎರಡನೆಯದು ಕಸುಬಿನ ಮಾತು. ಟೀಸರಿನಲ್ಲಿ ನಾವು ಮುಚ್ಚಿಡುವುದು ವಸ್ತುವಿನ ಹೆಸರನ್ನು. ಅದು ಆಟ, ನೋಡುವವರಿಗೂ ಗೊತ್ತಿರುವ ಆಟ. ಆದರೆ ಅಂಕೆ ಆಟವಲ್ಲ. ‘ಸದ್ದಿಲ್ಲದೆ ಬಂದದ್ದು ಹೇಗೆ’ ಎಂದು ಕೇಳಿದವನಿಗೆ ಸ್ಕೂಟರ್ ತೋರಿಸಿದ ಕ್ಷಣದಲ್ಲಿ ಉತ್ತರ ಸಿಕ್ಕಿ ಲೆಕ್ಕ ಚುಕ್ತಾ ಆಗುತ್ತದೆ. ‘118’ ಎಂದು ನಂಬಿ ಬಂದವನಿಗೆ ಉತ್ತರ ಸಿಗುವುದು ದುಡ್ಡು ಕೊಟ್ಟ ಮೇಲೆ, ಯಾವುದೋ ರಾತ್ರಿ, ಯಾವುದೋ ರಸ್ತೆ ಬದಿಯಲ್ಲಿ. ಗುಟ್ಟು ಬಯಲಾದಾಗ ವಸ್ತು ಕಲ್ಪನೆಗಿಂತ ಚಿಕ್ಕದಾಗಿ ಕಾಣಬಾರದು. ನಿಜವಾದ ಅಂಕೆಯನ್ನು ನಾವೇ ಮೊದಲು ಹೇಳಿದರೆ ಆ ಅಪಾಯವೇ ಇಲ್ಲ. ಹೀಗೆ ಬರೆದು, ನನ್ನ ಎರಡು ದಿನದ ಲೆಕ್ಕದ ಚೀಟಿಯನ್ನೂ ಜೊತೆಗಿಟ್ಟು ಕಳಿಸಿದೆ.

ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಫೋನ್ ಮಾಡಿದ್ದು ಮ್ಯಾನೇಜರ್ ಅಲ್ಲ, ಅದೇ ಇಂಜಿನಿಯರ್ ಹುಡುಗ. ನನ್ನ ಚೀಟಿಯ ಲೆಕ್ಕ ಅವರ ರಸ್ತೆ ಪರೀಕ್ಷೆಯ ಲೆಕ್ಕಕ್ಕೆ ಬಹಳ ಹತ್ತಿರ ಇದೆ ಎಂದು ಅವನೇ ಸಭೆಯಲ್ಲಿ ಹೇಳಿದನಂತೆ. ಟೀಸರಿನಿಂದ ಅಂಕೆ ಹೋಯಿತು. ಕೊನೆಯ ಚಿತ್ರದಲ್ಲಿ, ಪರದೆ ಸರಿದ ಮೇಲೆ, ಆ ಮನೆಯ ಗಂಡನ ಬಾಯಲ್ಲಿ ನಾನು ಬರೆದ ಮಾತು ಉಳಿಯಿತು: “ಒಬ್ಬನೇ ಹೋದರೆ 90. ನಿನ್ನನ್ನು ಕೂರಿಸಿಕೊಂಡು ಏರು ಹತ್ತಿದರೆ 75. ರಾತ್ರಿ ಚಾರ್ಜಿಗಿಟ್ಟರೆ ಬೆಳಿಗ್ಗೆ ಮತ್ತೆ ಪೂರ್ತಿ.” ಕೆಳಗೆ ‘ಪರೀಕ್ಷಾಲಯದಲ್ಲಿ ಪ್ರಮಾಣೀಕರಿಸಿದ ದೂರ 118 ಕಿ.ಮೀ.’ ಎಂದು ಅಷ್ಟೇ ದೊಡ್ಡ ಕನ್ನಡ ಅಕ್ಷರ.

ಪೂರ್ತಿ ಗೆದ್ದೆ ಎಂದೇನೂ ಹೇಳಲಾರೆ. ಬೆಂಗಳೂರಿನ ಅವರ ಇಂಗ್ಲಿಷ್ ಫಲಕಗಳಲ್ಲಿ 118 ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಪೆಟ್ರೋಲ್ ಬಂಕಿನ ಟೀಸರನ್ನು ಖರ್ಚು ಹೆಚ್ಚಾಯಿತೆಂದು ಕೈಬಿಟ್ಟರು. ಎರಡನೇ ಕಂತು ಬಂದದ್ದು ಎರಡು ತಿಂಗಳ ನಂತರ. ಫೀಸಿಗೆ ನಾನು ಒಂದು ಬಳೆಯನ್ನು ಅಡವಿಡಬೇಕಾಯಿತು. ಆದರೆ ಕನ್ನಡದ ಚಿತ್ರದಲ್ಲಿ ನನ್ನ ಕೈಯಿಂದ ಸುಳ್ಳು ಹೋಗಲಿಲ್ಲ.

ಕೊನೆಯ ಚಿತ್ರ ಬಂದ ರಾತ್ರಿ ತಮ್ಮ ಫೋನ್ ಮಾಡಿದ. ಅದನ್ನು ಬರೆದದ್ದು ನಾನೆಂದು ಅವನಿಗೆ ಗೊತ್ತಿರಲಿಲ್ಲ.

“ಅಕ್ಕಾ, ಒಂದು ಹೊಸ ಸ್ಕೂಟರಿನ ಜಾಹೀರಾತು ನೋಡಿದ್ದೀಯಾ? ಇಬ್ಬರು ಕೂತರೆ 75 ಅಂತ ಅವರೇ ಹೇಳುತ್ತಾರೆ.”

“ನೋಡಿದೆ. ಕಡಿಮೆ ಆಯಿತು ಅನ್ನಿಸಿತಾ?” ಎಂದು ಕೇಳಿದೆ.

“ಕಡಿಮೆ ಎಂತ? ನನಗೆ ಅಂದು ಯಾರಾದರೂ ಹೀಗೆ ಸರಿಯಾದ ಲೆಕ್ಕ ಹೇಳಿದ್ದರೆ ನಾನು ಆಗಲೂ ಗಾಡಿ ಕೊಳ್ಳುತ್ತಿದ್ದೆ. ಆದರೆ ಆ ದಿನ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ” ಎಂದ.